ಸುಮಿ, ನಿನ್ನ ಹೊಸ ಮನೆಗೆ ಹಬ್ಬದ ಶುಭಾಶಯ

ಸುಮಿ, ದೀಪಾವಳಿ ಹಬ್ಬದ ಶುಭಾಶಯಗಳು ಕಣೇ.

ಬೆಳಿಗ್ಗೆ ಎದ್ದು ಮೊದಲು ಇದನ್ನೇ ಓದು ಅಂತ ರಾತ್ರಿನೇ ಕೂತು ಟೈಪ್ ಮಾಡ್ತಿದೀನಿ, ಸ್ಟೇಟಸ್ಸು ಗ್ರೂಪ್ ಫೋಟೊ ಎಲ್ಲ ಆಮೇಲೆ ನೋಡ್ಕೊ. ನೀನು ಬರ್ಲಿನ್ನಲ್ಲಿ ಏಳು ಗಂಟೆಗೆ ಕಣ್ಣು ಬಿಡೋ ಹೊತ್ತಿಗೆ ಇಲ್ಲಿ ಹತ್ತೂವರೆ ಆಗಿರುತ್ತೆ, ಅರ್ಧ ಹಬ್ಬ ಮುಗಿದಿರುತ್ತೆ, ಫೋನಲ್ಲಿ ನೂರೈವತ್ತು ಮೆಸೇಜು, ಎಲ್ಲರೂ ಹೊಸ ಬಟ್ಟೆ ಹಾಕ್ಕೊಂಡು ನಗ್ತಾ ನಿಂತಿರೋ ಫೋಟೊಗಳು, ನೀನು ಒಬ್ಳೇ ಹಾಸಿಗೆ ಮೇಲೆ ಕೂತು ಅದನ್ನೆಲ್ಲ ಒಂದೊಂದೇ ತಳ್ಕೊಂಡು ನೋಡ್ತಾ ಹೋದ್ರೆ ನನ್ನ ಬಿಟ್ಟೇ ಎಲ್ಲ ಆಗ್ಹೋಯ್ತು ಅನ್ಸುತ್ತೆ. ಆಗಿಲ್ಲ ಕಣೇ. ನಿನ್ನ ಪಾಲಿನ ಹಬ್ಬ ಇನ್ನೂ ಹಾಗೇ ಇದೆ, ಅದನ್ನ ಎಲ್ಲಿ ಎತ್ತಿಟ್ಟಿದೀನಿ ಅಂತ ಹೇಳೋಕೇ ಇಷ್ಟು ಉದ್ದ ಬರೀತಿರೋದು.

ಮೊನ್ನೆ ವಾಯ್ಸ್ ನೋಟಲ್ಲಿ "ಎಲ್ಲಾ ಚೆನ್ನಾಗಿದೆ, ನಾನೂ ಚೆನ್ನಾಗಿದೀನಿ" ಅಂದ್ಯಲ್ಲ. ನೀನು ಚೆನ್ನಾಗಿದೀನಿ ಅನ್ನೋದ್ರಲ್ಲಿ ಎರಡು ಥರ ಇದೆ ಅಂತ ನಂಗೆ ಗೊತ್ತು, ನಿಜವಾಗ್ಲೂ ಚೆನ್ನಾಗಿದ್ರೆ ಆ ಮಾತು ಹೇಳೋದೇ ಇಲ್ಲ ನೀನು, ಸೀದಾ ಆಫೀಸಲ್ಲಿ ಯಾರು ಏನಂದ್ರು ಅಂತ ಶುರು ಮಾಡ್ಬಿಡ್ತೀಯ. ಕಷ್ಟ ಇದ್ದಾಗ ಮಾತ್ರ ಅಷ್ಟು ಬೇಗ ಬೇಗ ಹೇಳಿ ಮುಗಿಸೋದು. ಹಾಗಾಗಿ ನಂಗೆ ನೀನು ಚೆನ್ನಾಗಿರೋದನ್ನ ತೋರಿಸ್ಬೇಕಿಲ್ಲ. ಹೋಗಿ ಇನ್ನೂ ಏಳು ವಾರ ಆಗಿರೋದು. ಬೇರೆ ದಿನ ಆದ್ರೆ ಇಲ್ಲೂ ಎಲ್ಲರೂ ಅವರವರ ಕೆಲಸದಲ್ಲಿರ್ತಾರೆ, ನೀನೂ ನಿನ್ನ ಕೆಲಸದಲ್ಲಿರ್ತೀಯ, ಅಷ್ಟಾಗಿ ಗೊತ್ತಾಗಲ್ಲ, ಹಬ್ಬದ ದಿನ ಮಾತ್ರ ಇಲ್ಲಿ ಎಲ್ಲರೂ ಒಟ್ಟಿಗಿರೋ ಹೊತ್ತಲ್ಲಿ ನೀನು ಮಾಮೂಲಿ ಸೋಮವಾರದ ಹಾಗೆ ಟ್ರೈನ್ ಹತ್ತಿ ಹೋಗ್ಬೇಕು, ಸುತ್ತ ಇರೋ ಯಾರಿಗೂ ಇವತ್ತು ಏನು ದಿನ ಅಂತಾನೇ ಗೊತ್ತಿರಲ್ಲ. ಅದು ನೋವಾಗೋ ವಿಷಯಾನೇ. ಅಳು ಬಂದ್ರೆ ಅತ್ತುಬಿಡು. ಹಾಸ್ಟೆಲಲ್ಲಿ ಮೊದಲನೇ ವರ್ಷ ರಜ ಸಿಗದೆ ಉಳ್ಕೊಂಡಾಗ ನಾನೂ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ, ಅವತ್ತು ಬಾಗಿಲು ತಟ್ಟಿ ಏನೂ ಕೇಳದೆ ಪಕ್ಕದಲ್ಲಿ ಕೂತೋಳು ನೀನೇ.

ಈಗ ಕೇಳು. ಇವತ್ತು ಬರ್ಲಿನ್ನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗ್ತಾನೆ, ನಿನ್ನ ಆರು ಅಂದ್ರೆ ನಂಗೆ ಒಂಬತ್ತೂವರೆ. ನಮ್ಮನೇಲಿ ಸಂಜೆ ಎಲ್ಲ ದೀಪ ಹಚ್ತೀವಿ, ಆದ್ರೆ ಒಂದು ದೀಪ ಮಾತ್ರ ಹಚ್ಚದೆ ಹಾಗೇ ಇಟ್ಟಿರ್ತೀನಿ. ಅದು ನಿಂದು. ನೀನು ಆಫೀಸಿಂದ ಬಂದು ಕೈಕಾಲು ತೊಳ್ಕೊಂಡು ವೀಡಿಯೊ ಕಾಲ್ ಮಾಡು, ನೀನು ಅಲ್ಲಿ ಹಚ್ಚು, ಅದೇ ಹೊತ್ತಿಗೆ ನಾನು ಇಲ್ಲಿ ಅದನ್ನ ಹಚ್ತೀನಿ. ಲೇಟಾದ್ರೆ ಲೇಟಾಗ್ಲಿ, ಹತ್ತೂವರೆ ಆಗ್ಲಿ ಹನ್ನೊಂದಾಗ್ಲಿ, ಕಾಯ್ತೀನಿ. ಹಚ್ಚಿ ಆದ್ಮೇಲೆ ಮಾತಾಡ್ಲೇಬೇಕು ಅಂತೇನಿಲ್ಲ, ಫೋನ್ ಎಲ್ಲಾದ್ರೂ ಒರಗಿಸಿಟ್ಟು ನಿನ್ನ ಪಾಡಿಗೆ ನೀನು ಅಡುಗೆ ಮಾಡು, ಬಟ್ಟೆ ಮಡಚು, ನಾನೂ ಇಲ್ಲಿ ಏನೋ ಮಾಡ್ಕೊಂಡಿರ್ತೀನಿ, ಮೊದ್ಲು ಇಬ್ರೂ ಒಂದೇ ರೂಮಲ್ಲಿ ಗಂಟೆಗಟ್ಲೆ ಒಂದು ಮಾತೂ ಆಡದೆ ಇರ್ತಿದ್ವಲ್ಲ ಹಾಗೆ. ನಂಗೆ ಅದೇ ಜಾಸ್ತಿ ಮಿಸ್ ಆಗ್ತಿರೋದು.

ಒಂದು ಮಾತು, ದೀಪದ ಕೆಳಗೆ ತಟ್ಟೆ ಇಡು, ಕಿಟಕಿ ಕರ್ಟನ್ನಿಂದ ದೂರ ಇಡು, ಮಲಗೋ ಮುಂಚೆ ಆರಿಸು. ಅಲ್ಲಿ ಮನೆ ಮನೇಲೂ ಸ್ಮೋಕ್ ಅಲಾರ್ಮ್ ಇರುತ್ತೆ, ಒಂದೇ ಒಂದು ಸಣ್ಣ ದೀಪಕ್ಕೆ ಅದು ಸಾಮಾನ್ಯವಾಗಿ ಕೂಗಲ್ಲ, ಆದ್ರೆ ಅಲಾರ್ಮ್ ಕೆಳಗೇ ಇಡ್ಬೇಡ ಮತ್ತೆ.

ನೀನು ಮನೆ ಸಿಕ್ಕಿದ ದಿನ ಬೇರೆ ಏನೂ ಫೋಟೊ ಕಳಿಸದೆ ಬಿಲ್ಡಿಂಗ್ ಬಾಗಿಲ ಹತ್ರ ಇರೋ ಬೆಲ್ ಫೋಟೊ ಕಳಿಸಿದ್ದೆ ನೆನಪಿದ್ಯಾ, ಅಲ್ಲಿ ಫ್ಲಾಟ್ ನಂಬರ್ ಇರಲ್ಲ, ಮನೆಯವರ ಹೆಸರೇ ಬೆಲ್ ಪಕ್ಕ ಬರೆದಿರ್ತಾರೆ, ಪೋಸ್ಟ್ ಬರ್ಬೇಕಂದ್ರೂ ಆ ಹೆಸರು ಇರಲೇಬೇಕು ಅಂದಿದ್ದೆ. ಎಲ್ಲಾ ಬಾಯಿ ತಿರುಗದ ಹೆಸರುಗಳ ಮಧ್ಯೆ ನಿಮ್ಮಪ್ಪನ ಹೆಸರು ಪುಟ್ಟ ಅಕ್ಷರದಲ್ಲಿ. ಆ ಫೋಟೊ ನಾನು ಎಷ್ಟು ಸಲ ನೋಡಿದೀನಿ ಅಂದ್ರೆ, ಸುಮಿ, ನಂಗೆ ಅದರಷ್ಟು ಹೆಮ್ಮೆ ನಿನ್ನ ಆಫರ್ ಲೆಟರ್ ನೋಡಿದಾಗಲೂ ಆಗಿರ್ಲಿಲ್ಲ. ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಭಾಷೇಲಿ, ಒಬ್ಳೇ ಓಡಾಡಿ ಆ ಬಾಗಿಲ ಮೇಲೆ ಹೆಸರು ಬರೆಸಿದೀಯ. ಇವತ್ತು ಇನ್ನೊಂದು ಕೆಲಸ ಮಾಡು, ಒಂದು ಚೀಟಿ ತಗೊಂಡು ನಿನ್ನ ಹೆಸರು ಕನ್ನಡದಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸು. ಹೊರಗಡೆ ಇರೋದು ಪೋಸ್ಟಿನೋರಿಗೆ, ಒಳಗಡೆದು ನಿಂಗೆ. ಬೆಳಿಗ್ಗೆ ಹೊರಡುವಾಗ ಕೊನೇದಾಗಿ ಅದೇ ಕಣ್ಣಿಗೆ ಬೀಳ್ಲಿ. ಜೊತೆಗೆ ಅದ್ರ ಕೆಳಗೇ "ಕೀ" ಅಂತಾನೂ ಬರೆದಿಡು, ಆ ಬಾಗಿಲು ಎಳೆದ್ರೆ ಸಾಕು ಮುಚ್ಕೊಳುತ್ತೆ, ಕೀ ಇಲ್ದೆ ಹೊರಗಿಂದ ತೆಗೆಯೋಕೇ ಆಗಲ್ಲ ಅಂತ ಆ ದಿನ ಮೆಟ್ಟಿಲ ಮೇಲೆ ಚಪ್ಪಲಿಯಲ್ಲಿ ಎರಡು ಗಂಟೆ ಕೂತಿದ್ದು ಸಾಕು.

ಆದ್ರೆ ಆವತ್ತು ಮೇಲಿನ ಮನೆ ಅಜ್ಜಿ ಬಂದು ಒಳಗೆ ಕರ್ಕೊಂಡು ಹೋಗಿ ಬಿಸಿಬಿಸಿ ಏನೋ ಕುಡಿಯೋಕೆ ಕೊಟ್ರು, ಇಬ್ರಿಗೂ ಒಬ್ಬರ ಮಾತು ಒಬ್ಬರಿಗೆ ಅರ್ಥ ಆಗದೆ ಬರೀ ನಕ್ಕೊಂಡು ಕೂತಿದ್ವಿ ಅಂದ್ಯಲ್ಲ, ಆ ಅಜ್ಜಿನ ಇವತ್ತು ಒಂದು ಹತ್ತು ನಿಮಿಷ ಕರಿ. ಅವರೂ ಒಬ್ಬರೇ ಇರೋದು ಅಂದಿದ್ದೆ. ಹಬ್ಬ ಅಂದ್ರೆ ಏನು ಅಂತ ವಿವರ್ಸೋಕೆ ಹೋಗ್ಬೇಡ, ಬಾಗಿಲು ತೆಗೆದು ದೀಪ ತೋರ್ಸು, ಅಷ್ಟಕ್ಕೆ ಅರ್ಥ ಆಗುತ್ತೆ. ಮತ್ತೆ ನಿನ್ನ ಮನೆ ಇನ್ನೊಂದು ಕೀ ಅವರ ಹತ್ರ ಇರ್ಲಿ ಅಂತ ಆಮೇಲೆ ನಿಧಾನಕ್ಕೆ ಕೇಳು. ಹುಷಾರಿಲ್ದೆ ಮಲಗಿದ್ರೆ ಬಾಗಿಲು ತೆಗೆದು ನೋಡೋರು ಒಬ್ಬರು ಅದೇ ಬಿಲ್ಡಿಂಗಲ್ಲಿ ಇರ್ಬೇಕು ಕಣೇ, ನಾನು ಎಷ್ಟು ಬೇಗ ಹೊರಟ್ರೂ ಒಂದು ದಿನ ಹಿಡಿಯುತ್ತೆ. ಎಮರ್ಜೆನ್ಸಿಗೆ 112 ಅಂತ ಗೊತ್ತು ತಾನೆ.

ನಿನ್ನೆ ನಿಮ್ಮನೆಗೆ ಹೋಗಿದ್ದೆ. ನಿಮ್ಮಪ್ಪನ ಫೋನಲ್ಲಿ ಎರಡು ವೆದರ್ ಇದೆ ಈಗ, ಒಂದು ಇಲ್ಲಿದು ಒಂದು ಬರ್ಲಿನ್ನಿಂದು, ಇಲ್ಲಿ ಮಳೆ ಬರುತ್ತೋ ಇಲ್ವೋ ಅವರಿಗೆ ಗೊತ್ತಿಲ್ಲ, ನಿನ್ನ ಊರಲ್ಲಿ ನಾಳೆ ಎಷ್ಟು ಡಿಗ್ರಿ ಅಂತ ಕೇಳು ಬಾಯಿಪಾಠ ಹೇಳ್ತಾರೆ. ನಿಮ್ಮಮ್ಮ ಏನೂ ಹೇಳ್ಬೇಡ ಅಂದಿದ್ರು, ಆದ್ರೆ ನಾನು ಹೇಳ್ತೀನಿ, ನಿಂಗೆ ಗೊತ್ತಿರ್ಬೇಕು. ದಿನಾ ಸಂಜೆ ಮನೆ ಲೈಟ್ ಹಾಕುವಾಗ ನಿನ್ನ ರೂಮ್ ಲೈಟೂ ಹಾಕ್ತಾರೆ. ಯಾಕಮ್ಮ ಅಂದ್ರೆ, ಮನೇಲಿ ಒಂದು ರೂಮ್ ಕತ್ತಲೆ ಇದ್ರೆ ನೋಡೋಕಾಗಲ್ಲ ಕಣಮ್ಮ, ಮಲಗುವಾಗ ಆರಿಸ್ತೀನಿ ಅಂದ್ರು. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ನಿನ್ನ ಟೇಬಲ್ ಮೇಲೆ ಆ ಮುರಿದ ಪೆನ್ ಸ್ಟ್ಯಾಂಡ್ ಕೂಡ ಹಾಗೇ ಇದೆ.

ಆಗ ಫೋನ್ ಅಲ್ಲೇ ಇಟ್ಟು ರೆಕಾರ್ಡ್ ಮಾಡಿದೆ. ಈ ಮೆಸೇಜ್ ಹಿಂದೇನೇ ಬರುತ್ತೆ ನೋಡು, 11 ನಿಮಿಷ ಇದೆ, ಯಾರೂ ನಿನ್ನ ಹತ್ರ ಮಾತಾಡ್ತಿಲ್ಲ ಅದ್ರಲ್ಲಿ, ಬರೀ ಮನೆ ಸದ್ದು. ಕುಕ್ಕರ್ ಕೂಗೋದು, ಗೇಟು ಕಿರ್ರ್ ಅನ್ನೋದು, ನಿಮ್ಮಪ್ಪ ನ್ಯೂಸ್ ವಾಲ್ಯೂಮ್ ಜೋರಾಗಿ ಇಟ್ಟಿರೋದು, ನಿಮ್ಮಮ್ಮ ಕಮ್ಮಿ ಮಾಡ್ರೀ ಅಂತ ಬೈಯೋದು, ಹಿಂದಿನ ಮನೆ ಹುಡುಗರ ಗಲಾಟೆ. ವೀಡಿಯೊ ಕಾಲಲ್ಲಿ ಎಲ್ಲರೂ ನಿನ್ನ ನೋಡ್ಕೊಂಡು ನಿಂತ್ಬಿಡ್ತಾರೆ, ಏನ್ ಊಟ ಮಾಡ್ದೆ, ಚಳಿ ಎಷ್ಟಿದೆ, ಅಷ್ಟೇ ಆಗೋಗುತ್ತೆ, ನೀನು ಮನೇಲಿದ್ದಾಗ ಮನೆ ಹೇಗಿರ್ತಿತ್ತೋ ಅದು ಅಲ್ಲಿ ಕೇಳ್ಸೋದೇ ಇಲ್ಲ. ಅದಕ್ಕೇ ಇದು. ಕೆಲಸ ಮಾಡ್ತಾ ಹಾಕ್ಕೊ. ಮತ್ತೆ ಮನೇಲಿ ಒಬ್ಳೇ ಇದ್ದಾಗ ಕನ್ನಡದಲ್ಲಿ ಜೋರಾಗೇ ಮಾತಾಡ್ಕೊ, ದಿನಪೂರ್ತಿ ಇಂಗ್ಲಿಷು ಜರ್ಮನ್ನು ಅಂತ ಅಳೆದು ತೂಗಿ ಮಾತಾಡಿ ಸಾಕಾಗಿರುತ್ತೆ, ಅನ್ನಿಸಿದ್ದನ್ನ ಹಾಗೇ ಬಾಯಿಬಿಟ್ಟು ಹೇಳೋಕೆ ಒಂದು ಜಾಗ ಬೇಕು.

ಇವತ್ತು ಅಮಾವಾಸ್ಯೆ ಹತ್ರ, ನಿಂಗೂ ಚಂದ್ರ ಕಾಣಲ್ಲ ನಂಗೂ ಕಾಣಲ್ಲ, ಅಲ್ಲಿ ಹೊರಗೆ ನೋಡಿದ್ರೆ ಎಷ್ಟು ಕತ್ತಲೆಯೋ ಇಲ್ಲೂ ಅಷ್ಟೇ. ಎರಡು ವಾರ ಬಿಟ್ಟು ಹುಣ್ಣಿಮೆ ದಿನ ನಾನು ನೋಡಿ ಮೂರ್ನಾಲ್ಕು ಗಂಟೆ ಆದ್ಮೇಲೆ ಅದೇ ಚಂದ್ರ ನಿನ್ನ ಕಿಟಕಿ ಕಡೆ ಬರುತ್ತೆ, ಬಂದಾಗ ಒಂದು ಫೋಟೊ ಕಳ್ಸು, ಮೋಡ ಇದ್ರೆ ಮೋಡದ್ದೇ ಕಳ್ಸು.

ಇನ್ನು ಮುಂದೆ ಅಲ್ಲಿ ಹಗಲು ದಿನದಿಂದ ದಿನಕ್ಕೆ ಕಮ್ಮಿ ಆಗುತ್ತೆ, ಡಿಸೆಂಬರ್ 21ರ ಹೊತ್ತಿಗೆ ಎಂಟು ಗಂಟೇನೂ ಬೆಳಕಿರಲ್ಲ, ಸಂಜೆ ನಾಲ್ಕಕ್ಕೆಲ್ಲ ಕತ್ತಲೆ. ಇದನ್ನ ಹೆದರ್ಸೋಕೆ ಹೇಳ್ತಿಲ್ಲ. ಆ ತಿಂಗಳು ಕಾರಣಾನೇ ಇಲ್ದೆ ಮನಸ್ಸು ಭಾರ ಆದ್ರೆ ನಂಗೇನೋ ಆಗಿದೆ, ನಾನು ಬರಬಾರದಿತ್ತು ಅಂತೆಲ್ಲ ತಲೆಗೆ ಹಚ್ಕೊಬೇಡ, ಬೆಳಕು ಕಮ್ಮಿ ಆದ್ರೆ ತುಂಬ ಜನರಿಗೆ ಹಾಗಾಗುತ್ತೆ, ಮಧ್ಯಾಹ್ನ ಬೆಳಕಿರುವಾಗ್ಲೇ ಒಂದರ್ಧ ಗಂಟೆ ಹೊರಗೆ ನಡ್ಕೊಂಡು ಬಾ. ವಾರಗಟ್ಟಲೆ ಹಾಗೇ ಇದ್ರೆ ಡಾಕ್ಟರ್‌ಗೆ ತೋರ್ಸು, ನಂಗೂ ಹೇಳು, ರಾತ್ರಿ ಎಷ್ಟೊತ್ತಾದ್ರೂ ಸರಿ.

ಅಂದಹಾಗೆ ಈ ಅಕ್ಟೋಬರ್ 26ನೇ ತಾರೀಖು ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಮೇಲಿಂದ ನಮ್ಮಿಬ್ರ ಮಧ್ಯೆ ನಾಲ್ಕೂವರೆ ಗಂಟೆ ವ್ಯತ್ಯಾಸ. ಭಾನುವಾರದ ನಮ್ಮ ಕಾಲ್ ನಿನ್ನ ಟೈಮಲ್ಲೇ ಇರ್ಲಿ, ನೀನು ಏನೂ ಬದಲಾಯಿಸ್ಬೇಡ, ಒಂದು ಗಂಟೆ ಲೇಟಾಗಿ ಮಲಗೋದು ನಂಗೆ ಕಷ್ಟ ಅಲ್ಲ. ಈಗಾಗ್ಲೇ ಎಲ್ಲಾ ಬದಲಾಯಿಸ್ಕೊಂಡಿರೋದು ನೀನು.

ಈ ಮೆಸೇಜಿಗೆ ಉದ್ದ ರಿಪ್ಲೈ ಬರೀಬೇಕು ಅಂತ ಕೂರ್ಬೇಡ, ಓದಿದೆ ಅಂತ ಒಂದು ಹಾರ್ಟ್ ಹಾಕು ಸಾಕು. ಹೊಸ ಬಟ್ಟೆ ಇಲ್ದಿದ್ರೆ ಆ ನೀಲಿ ಕುರ್ತಾ ಹಾಕ್ಕೊ, ಮೇಲೆ ಜಾಕೆಟ್ ಇದ್ರೂ ಪರವಾಗಿಲ್ಲ, ಒಳಗೆ ಅದಿರ್ಲಿ. ಟ್ರೈನಲ್ಲಿ ಯಾರಾದ್ರೂ ನಿನ್ನ ನೋಡಿ ನಕ್ರೆ ಹಬ್ಬಕ್ಕೇ ನಕ್ರು ಅನ್ಕೊ.

ಹೊರಡುವಾಗ ಫೋನ್ ಚಾರ್ಜ್ ಮಾಡ್ಕೊಂಡು ಹೋಗು. ಆರು ಗಂಟೆಗೆ ನಿನ್ನ ದೀಪದ ಪಕ್ಕ ಬೆಂಕಿಪೊಟ್ಟಣ ಹಿಡ್ಕೊಂಡು ಕೂತಿರ್ತೀನಿ.

ನಿನ್ನ,
ವೀಣಾ