ಟಾಪ್ ಕಸ್ಟಮರ್ ಲಿಸ್ಟ್ ಯಾಕ ಬದಲಾತು: ಟೆಸ್ಟ್ ಮತ್ತ ನಮ್ಮದ ಅಕೌಂಟ್ ತಗದ ಮ್ಯಾಲಿನ ಲೆಕ್ಕ

ಸರ್, ನಮಸ್ಕಾರ್ರಿ.

ನಿನ್ನಿ ನೀವು ಸವಣೂರದಿಂದ ಫೋನ್ ಮಾಡಿದಾಗ ಗದ್ದಲದಾಗ ನನಗ ಪೂರ್ತಿ ಹೇಳಾಕ ಆಗ್ಲಿಲ್ಲ, ಅದಕ್ಕ ಬರದ ಕಳಸ್ತೀನಿ. ನೀವು ಕೇಳಿದ್ದು ಎರಡು. ಏಪ್ರಿಲ್‌ನಾಗ ಕೊಟ್ಟ 2024-25ರ ಲಿಸ್ಟ್‌ನ ಟಾಪ್ 10ರಾಗ ಮೂರು ಹೆಸರು ಯಾಕ ಮಾಯ ಆದ್ವು, ಮತ್ತ 13ನೇ ನಂಬರಿಗಿದ್ದ ಶಿಗ್ಗಾಂವಿ ಡೀಲರ್ ಸೋಮವಾರದ ಲಿಸ್ಟ್‌ನಾಗ ಯಾಕ ಇಲ್ಲ. ಮೊದಲನೇದು ಬೇಕಂತ ಮಾಡಿದ್ದು, ಎರಡನೇದು ನನ್ನ ತಪ್ಪು. ಇದರ ಜೋಡಿ ಕಳಸಿದ ಇವತ್ತಿನ ಲಿಸ್ಟ್‌ನಾಗ ಅದು ಸರಿ ಆಗೈತಿ, ಸೋಮವಾರದ್ದು ದಯವಿಟ್ಟು ಡಿಲೀಟ್ ಮಾಡ್ರಿ.

ಯಾವ ಡೀಲರಂದೂ ಒಂದು ರೂಪಾಯಿ ಕಮ್ಮಿ ಆಗಿಲ್ಲರಿ. ಲಿಸ್ಟ್‌ನಾಗ ಕಸ್ಟಮರ್ ಅಲ್ಲದವ್ರು ಕುಂತಿದ್ರು, ಅವ್ರನ್ನ ಎಬ್ಬಿಸಿದ್ದಕ್ಕ ಕೆಳಗಿನವ್ರು ಮ್ಯಾಲೆ ಬಂದಾರ, ಅಷ್ಟ.

ಎಬ್ಬಿಸಿದ ಮೂವರು ಯಾರು ಅಂದ್ರ, ಏಪ್ರಿಲ್ ಲಿಸ್ಟ್‌ನಾಗ 2ನೇ ನಂಬರಿಗಿದ್ದ 1.64 ಕೋಟಿ ನಮ್ಮದ ಕೊಲ್ಲಾಪುರ ಡಿಪೋ. 5ನೇ ನಂಬರಿನ 71 ಲಕ್ಷ ನಮ್ಮದ ಡ್ರಿಪ್ ಹಾಕೋ ವಿಭಾಗ, ಅಂದ್ರ ಸೈಟಿಗೆ ಹೋಗೋ ಹುಡುಗ್ರು ಆಪ್‌ನಾಗ ಮಾಲಿಗೆ ಹಾಕಿದ ಇಂಡೆಂಟ್. 7ನೇದು 58 ಲಕ್ಷದ `UAT_DEALER_01`, ಅಂದ್ರ ಆಪ್ ಟೆಸ್ಟ್ ಮಾಡಾಕ ತಗದ ಅಕೌಂಟ್. ಈ ಹೆಸರು ನೋಡಿ ನನಗೂ ನಗು ಬಂತು, ಯಾಕಂದ್ರ ಡೀಲರ್ ಮೀಟಿಗೆ ಬೆಳ್ಳಿ ದೀಪದ ಮ್ಯಾಲೆ ಕೆತ್ತಾಕ ಕೊಟ್ಟ ಹೆಸರಿನ ಪಟ್ಟಿಯೊಳಗ ಇದೂ ಇತ್ತು, ದೀಪ ಮಾಡೋ ಅಂಗಡಿಯಂವ ಫೋನ್ ಮಾಡಿ "ರೀ, ಇದು ಯಾವ ಊರಿನ ಹೆಸರ್ರಿ" ಅಂತ ಕೇಳಿದ. ನಾನು ಈ ಲಿಸ್ಟ್ ಬಿಚ್ಚಿ ನೋಡಾಕ ಶುರು ಮಾಡಿದ್ದ ಆ ಫೋನಿನಿಂದ.

ಈ 58 ಲಕ್ಷ ಹೆಂಗಾತು ನೋಡ್ರಿ. ಹೋದ ವರ್ಷ ಆಪ್ ಶುರು ಮಾಡೂ ಮುಂದ ಸಾಫ್ಟ್‌ವೇರ್‌ನವ್ರ ಕಡೆ ಹುಡುಗ ಕ್ರೆಡಿಟ್ ಲಿಮಿಟ್ ದಾಟಿದ್ರ ಆರ್ಡರ್ ನಿಲ್ತೈತೋ ಇಲ್ಲೋ ಅಂತ ನೋಡಾಕ 28,000 ರೂಪಾಯಿಯ ಸಬ್‌ಮರ್ಸಿಬಲ್ ಪಂಪ್ 200 ಹಾಕ್ಯಾನ. ನಿಲ್ಲಲಿಲ್ಲ. ಹಂಗ ಕನ್ಫರ್ಮ್ ಆಗಿ ಕುಂತತು, 56 ಲಕ್ಷ. ಲಿಮಿಟ್ ಆಮ್ಯಾಲೆ ಸರಿ ಮಾಡಿದ್ರು, ಆದ್ರ ಈ ಆರ್ಡರ್ ಯಾರೂ ಕ್ಯಾನ್ಸಲ್ ಮಾಡ್ಲಿಲ್ಲ. ಉಳದ 2 ಲಕ್ಷ ಅದ ಅಕೌಂಟಿನ ಸಣ್ಣ ಸಣ್ಣ ಆರ್ಡರ್. ಇದಕ್ಕ ಬಿಲ್ ಆಗಿಲ್ಲ, ಮಾಲೂ ಹೋಗಿಲ್ಲ, ಆದ್ರ ನಮ್ಮ ಲಿಸ್ಟ್ ಬರೋದು ಬಿಲ್ಲಿನಿಂದ ಅಲ್ಲ, ಕನ್ಫರ್ಮ್ ಆದ ಆರ್ಡರಿನಿಂದ. ಹಂಗಾಗಿ ಅಕೌಂಟ್ಸ್‌ನವ್ರ ಲೆಕ್ಕಕ್ಕ ಇದು ಎಂದೂ ಕಾಣಿಸ್ಲಿಲ್ಲ, ನಮ್ಮ ಲಿಸ್ಟಿಗೆ ಮಾತ್ರ ಕಾಣಿಸ್ತು.

ಕೊಲ್ಲಾಪುರದ್ದು ಬ್ಯಾರೆ ಥರ ಐತಿ, ಅದಕ್ಕ ನೀವು "ಅದಕ್ಕ ಬಿಲ್ ಐತಲ್ಲೋ ಮಾರಾಯಾ" ಅಂದಿದ್ದು ಖರೇನ. ಬೆಳಗಾವಿ ಡಿಪೋಕ್ಕ ಮಾಲ್ ಕಳಸಿದ್ರ ಅದೂ ನಮ್ಮ ಅದ ಜಿಎಸ್‌ಟಿ ನಂಬರಿನಾಗ ಇರೋದಕ್ಕ ಡೆಲಿವರಿ ಚಲನ್ ಸಾಕು. ಕೊಲ್ಲಾಪುರ ಮಹಾರಾಷ್ಟ್ರ, ಅಲ್ಲಿದು ಬ್ಯಾರೆ ರಜಿಸ್ಟ್ರೇಶನ್, ಅದಕ್ಕ ನಮ್ಮದ ಮಾಲು ನಮ್ಮದ ಗೋಡಾವನಿಗೆ ಹೋದ್ರೂ ಕಾಯ್ದೆ ಪ್ರಕಾರ ಟ್ಯಾಕ್ಸ್ ಇನ್‌ವಾಯ್ಸ್ ಮಾಡಿ ಐಜಿಎಸ್‌ಟಿ ಹಾಕಾಕ ಬೇಕು. ಬಿಲ್ ಐತಿ ಅಂದ ಮಾತ್ರಕ್ಕ ಮಾರಾಟ ಆತು ಅಂತಲ್ಲ. ಇನ್ನೊಂದು, ಕೊಲ್ಲಾಪುರ ಡಿಪೋದಿಂದ ಮಾಲ್ ತಗೊಳ್ಳೋ ಇಚಲಕರಂಜಿ ಡೀಲರ್ ಏಪ್ರಿಲ್ ಲಿಸ್ಟ್‌ನಾಗ 10ನೇ ನಂಬರಿಗೆ ಅದಾನ. ಅಂದ್ರ ಒಂದ ಪೈಪು ತಾರಿಹಾಳ ಗೋಡಾವನ್ ಬಿಟ್ಟಾಗ ಒಮ್ಮೆ, ಕೊಲ್ಲಾಪುರ ಬಿಟ್ಟಾಗ ಇನ್ನೊಮ್ಮೆ, ಎರಡು ಸಲ ಲೆಕ್ಕಕ್ಕ ಬಂತು. ಡಿಪೋ ತಗದ್ವಿ, ಇಚಲಕರಂಜಿ ಬಿಟ್ವಿ.

ನಮ್ಮವು ಯಾವು ಅಂತ ಹುಡುಕಿದ್ದು ಹೆಸರು ನೋಡಿ ಅಲ್ಲ. ಜಿಎಸ್‌ಟಿ ನಂಬರಿನಾಗ ಮೊದಲ ಎರಡು ಅಂಕಿ ರಾಜ್ಯದ್ದು, ನಮ್ಮದು 29, ಮಹಾರಾಷ್ಟ್ರದ್ದು 27, ಅದರ ಮುಂದಿನ ಹತ್ತು ಅಕ್ಷರ ಪ್ಯಾನ್. ಪ್ಯಾನ್ ನಮ್ಮದ ಇದ್ರ ರಾಜ್ಯ ಯಾವುದ ಇರ್ಲಿ, ಅದು ನಮ್ಮದ. ಇದರಿಂದ ಇನ್ನೊಂದು ಜಗಳನೂ ಮುಗೀತು. ಅಮರಗೋಳ ಎಪಿಎಂಸಿ ಹತ್ರ ಇರೋ ಡೀಲರ್ ನಮ್ಮ ಎಂಡಿಯವ್ರ ಬೀಗ್ರು ಅಂತ ಹೇಳಿ ಅಕೌಂಟ್ಸ್‌ನಾಗ ಇಬ್ಬರು "ಅದೂ ಮನಿದ ಲೆಕ್ಕ, ತಗೀರಿ" ಅಂದ್ರು. ಅವ್ರ ಪ್ಯಾನ್ ಬ್ಯಾರೆ, ರೊಕ್ಕ 45 ದಿನಕ್ಕ ಬರ್ತೈತಿ, ಮಾಲು ಹೊರಗಿನ ರೈತ್ರಿಗೆ ಹೋಗ್ತೈತಿ. ಬೀಗ್ರಾದ್ರೂ ಗಿರಾಕಿ ಗಿರಾಕಿನ ಸರ್, ಅವ್ರನ್ನ ಬಿಟ್ಟೀನಿ.

ಈಗ ಶಿಗ್ಗಾಂವಿ. ಟೆಸ್ಟ್ ಅಕೌಂಟಿಗೆ ಪ್ಯಾನ್ ಇರೂದಿಲ್ಲ, ಅದಕ್ಕ ಅವನ್ನ ಹೆಸರಿನಿಂದ ಹುಡುಕಿದೆ, ಅಲ್ಲೇ ಎಡವಿದ್ದು. ಮೊದಲು ಹಾಕಿದ ಸಾಲು ಇದು:

```
WHERE account_type <> 'TEST'
  AND name NOT LIKE '%TEST%'
```

ಎರಡೂ ಸಾಲಿನಾಗ ಒಂದೊಂದು ಬಲಿ ಬಿದ್ದೈತಿ. ಶಿಗ್ಗಾಂವಿ ಅಂಗಡಿ ಹೆಸರಿನಾಗ `LATEST` ಅಂತ ಐತಿ. ಅದರ ಹೊಟ್ಟಿಯೊಳಗ `TEST` ಕುಂತೈತಿ ನೋಡ್ರಿ! ಹಂಗ 42 ಲಕ್ಷದ ಖರೇ ಡೀಲರ್ ಕಸದ ಜೋಡಿ ಗುಡಿಸಿಕೊಂಡು ಹೋದ. ಮ್ಯಾಲಿನ ಸಾಲಿನ ತಪ್ಪು ನಿಮಗ ಕಳಸೋಕಿಂತ ಮೊದಲ ಸಿಕ್ತು, ನವಲಗುಂದದಂವ ಕಾಣಲಿಲ್ಲ ಅಂತ ಗೊತ್ತಾತು, ಇಲ್ಲಾಂದ್ರ ಸೋಮವಾರ ಇನ್ನೂ ಮರ್ಯಾದಿ ಹೋಗ್ತಿತ್ತು. ಹಳೇ ಸಾಫ್ಟ್‌ವೇರ್‌ನಿಂದ ಬಂದ 41 ಡೀಲರ್‌ಗೆ ಆ `account_type` ಕಾಲಮ್ ಖಾಲಿ ಐತಿ, ಖಾಲಿ ಇದ್ದದ್ದನ್ನ "ಟೆಸ್ಟ್ ಅಲ್ಲ" ಅಂತ ಕಂಪ್ಯೂಟರ್ ಒಪ್ಪೂದಿಲ್ಲ, ಹೌದು ಅಂತನೂ ಅನ್ನೂದಿಲ್ಲ ಇಲ್ಲ ಅಂತನೂ ಅನ್ನೂದಿಲ್ಲ, ಸುಮ್ಮನ ಬಿಟ್ಟ ಬಿಡ್ತೈತಿ. ನಮ್ಮ ಅತಿ ಹಳೇ ಗಿರಾಕಿಗಳ ಹಂಗ ಹೊರಗ ಬಿದ್ದಿದ್ರು.

ಈಗ ಹೆಸರಿನ ಮ್ಯಾಲಿನ ಆಟ ಬಿಟ್ಟೀನಿ. ಒಂದೊಂದು ಅಕೌಂಟ್ ಕೈಯಿಂದ ನೋಡಿ 11 ಕೋಡ್ ಬರದು ಇಟ್ಟೀನಿ, ಲಿಸ್ಟ್ ಅವನ್ನಷ್ಟ ಬಿಡ್ತೈತಿ: ಕೊಲ್ಲಾಪುರ ಒಂದು, ಸೈಟ್ ಲಾಗಿನ್ ಎರಡು, ಯುಎಟಿ ನಾಕು, ಡೆಮೊ ಮೂರು, ಸ್ಟಾಫ್ ಖರೀದಿದು ಒಂದು. ಡೆಮೊದ 9 ಲಕ್ಷದಾಗ ಬಹಳಷ್ಟು ಧಾರವಾಡ ಕೃಷಿ ಮೇಳದ ಸ್ಟಾಲಿಗೆ ಹೋಗಿ ವಾಪಸ್ ಬಂದ ಮಾಲು. ಆ ಸ್ಟಾಲಿನಾಗ ಒಂದು ಡ್ರಿಪ್ ಸೆಟ್ ಮಾತ್ರ ಅಣ್ಣಿಗೇರಿ ಕಡೆ ರೈತ್ರೊಬ್ಬರು ನಿಂತ ಜಾಗಾದಾಗ ರೊಕ್ಕ ಕೊಟ್ಟು ತಗೊಂಡು ಹೋಗ್ಯಾರ, ನಮ್ಮ ಹುಡುಗ್ರು ಅದನ್ನೂ ಡೆಮೊ ಲಾಗಿನ್‌ನಾಗ ಹಾಕಿದ್ರು. ಅದು ಖರೇ ಮಾರಾಟ, 62,000 ರೂಪಾಯಿ, ಕೌಂಟರ್ ಸೇಲಿಗೆ ಸರಸೀನಿ.

ಕೌಂಟರ್ ಸೇಲ್ ಅಂದ್ರ ನೆನಪಾತು, ಅದು 38 ಲಕ್ಷ ಐತಿ. ಅದು ಖರೇ ರೊಕ್ಕ, ಆದ್ರ ಒಬ್ಬ ಗಿರಾಕಿ ಅಲ್ಲ, ನೂರಾರು ಮಂದಿ. ಹಂಗಾಗಿ ಒಟ್ಟು ಮೊತ್ತದಾಗ ಇಟ್ಟೀನಿ, ಹೆಸರಿನ ಲಿಸ್ಟ್‌ನಾಗ ಇಟ್ಟಿಲ್ಲ.

ಹೊಸ ಟಾಪ್ 10, ಲಕ್ಷದಾಗ: ಗದಗ 172, ರಾಣೆಬೆನ್ನೂರ 138, ಅಮರಗೋಳ 112, ಮುಂಡರಗಿ 66, ಹಾನಗಲ್ 55, ನವಲಗುಂದ 49, ಇಚಲಕರಂಜಿ 47, ಬ್ಯಾಡಗಿ 46, ಲಕ್ಷ್ಮೇಶ್ವರ 43, ಶಿಗ್ಗಾಂವಿ 42. ಕಡೀ ಮೂವರು ಹೊಸದಾಗಿ ಬಂದವ್ರು, ಏಪ್ರಿಲ್‌ನಾಗ 11, 12, 13 ಇದ್ರು. ಸೋಮವಾರ 10ನೇ ನಂಬರಿಗೆ ಕಂಡ ಸವಣೂರದವ್ರು 41 ಲಕ್ಷಕ್ಕ 11ಕ್ಕ ಇಳದಾರ. ನಿನ್ನಿ ನೀವು ಅವ್ರ ಅಂಗಡ್ಯಾಗ ಕುಂತ "ಟಾಪ್ 10 ಬಂದೀರಿ" ಅಂತ ಹೇಳಿದ್ರ ಅದು ನನ್ನಿಂದ ಆದ ಪೇಚಾಟ, ದೀಪ ಹನ್ನೊಂದು ಮಾಡ್ಸೋಣ ಅಂತೀನಿ. ದೀಪದ ಅಂಗಡಿಯಂವಗ ಕೆತ್ತೋದು ನಿಲ್ಸಾಕ ಹೇಳೀನಿ, ಶುಕ್ರವಾರದೊಳಗ ಹೊಸ ಹೆಸರು ಕೊಡಬೇಕು.

ಗದಗದವ್ರ ಬಗ್ಗೆ ಒಂದು ಮಾತು. ಅವ್ರ ಪಾಲು ಮೊದಲು 9.3% ಕಾಣ್ತಿತ್ತು, ಈಗ 11.2%. ಅವ್ರು ಜಾಸ್ತಿ ತಗೊಂಡಿಲ್ಲ, ನಮ್ಮ ಒಟ್ಟು ಮೊತ್ತ 18.42 ಕೋಟಿಯಿಂದ 15.36ಕ್ಕ ಇಳದೈತಿ. ಒಬ್ಬರ ಮ್ಯಾಲೆ ಇಷ್ಟು ಭಾರ ಐತಿ ಅನ್ನೋದು ಮೊದಲ ಮುಚ್ಚಿಹೋಗಿತ್ತು, ಅವ್ರ ಉದ್ರಿ ದಿನ ಜಾಸ್ತಿ ಮಾಡೋ ಮುಂದ ಇದು ತಲಿಯೊಳಗ ಇರ್ಲಿ.

ಈಗ ನಿಮಗ ಸೇರದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೊಸ 15.36ನ್ನ ಹಳೇ ಲಿಸ್ಟಿನ 2023-24ರ 16.10ರ ಜೋಡಿ ಹಿಡದ್ರ ಧಂದೆ ಬಿದ್ದಂಗ ಕಾಣ್ತೈತಿ, ಹಂಗ ಹಿಡಿಯೋದು ತಪ್ಪು. ಅದಕ್ಕ 2023-24ರದ್ದೂ ಇದ ಜರಡಿಯಾಗ ಹಾಕಿ ಸೋಸಿದೆ, 14.35 ಬಂತು. ಅಂದ್ರ ಬೆಳವಣಿಗಿ 7%. ಏಪ್ರಿಲ್‌ನಾಗ ಎಂಡಿಯವ್ರ ಮುಂದ ನಾವು ತೋರ್ಸಿದ್ದು 14.4%. ಆಗ ಹೆಚ್ಚಾಗಿ ಕಂಡ 2.32 ಕೋಟಿಯೊಳಗ ಹೊರಗಿನ ಗಿರಾಕಿ ತಂದದ್ದು 1.01 ಕೋಟಿ. ಉಳದ 1.31ರಾಗ ಕೊಲ್ಲಾಪುರಕ್ಕ ಜಾಸ್ತಿ ಕಳಸಿದ್ದು 44 ಲಕ್ಷ, ಸೈಟಿಂದು 19, ಟೆಸ್ಟ್ 58, ಡೆಮೊ 9, ಸ್ಟಾಫ್ 1. ಕೊಲ್ಲಾಪುರದ 44 ಲಕ್ಷದ ಮಾಲಿನಾಗ ಎಷ್ಟು ಇನ್ನೂ ಗೋಡಾವನ್‌ನಾಗ ಬಿದ್ದೈತಿ ಅಂತ ಅಲ್ಲಿಯವ್ರಿಗೆ ಸ್ಟಾಕ್ ಎಣಸಾಕ ಹೇಳೀನಿ. ಎಂಡಿಯವ್ರಿಗೆ ಇದನ್ನ ನಾವ ಮೊದಲು ಹೇಳೋದು ಚಲೋ, ಆಡಿಟ್‌ನವ್ರ ಬಾಯಿಂದ ಕೇಳೋದಕಿಂತ. ಜಿಎಸ್‌ಟಿ ರಿಟರ್ನ್, ಟ್ಯಾಲಿ ಯಾವುದಕ್ಕೂ ನಾನು ಕೈ ಹಚ್ಚಿಲ್ಲ, ಬದಲಾಗಿದ್ದು ಈ ರಿಪೋರ್ಟ್ ಅಷ್ಟ.

ನಿಮ್ಮ ತೀರ್ಮಾನ ಬೇಕಾಗಿದ್ದು ಒಂದ. ಯುಎಟಿ ಆರ್ಡರ್ ಹಾಕೋ ಮುಂದ ಸೇಲ್ಸ್‌ಮನ್ ಕೋಡ್ ಇಲ್ದ ಸೇವ್ ಆಗೂದಿಲ್ಲ, ಆ ಹುಡುಗ ಲಿಸ್ಟಿನಾಗ ಮೊದಲು ಕಂಡ ಕೋಡ್ ಒತ್ಯಾನ, ಅದು ನಮ್ಮ ಹಾವೇರಿ ಏರಿಯಾದವಂದು. ಅವಂಗ ಆ 58 ಲಕ್ಷದ ಮ್ಯಾಲೆ ಮೊದಲ ಕ್ವಾರ್ಟರಿನ ಇನ್ಸೆಂಟಿವ್ ಹೋಗೈತಿ. ಅವಂಗ ಗೊತ್ತಿತ್ತಾ ಅಂತ ಕೇಳಿದೆ, "ಆ ಸಲ ಜಾಸ್ತಿ ಬಂತು ಅಂತ ನಾನ ಖುಷಿ ಪಟ್ಟಿದ್ನಿರಿ" ಅಂದ. ಮೋಸ ಮಾಡೋ ಹುಡುಗ ಅಲ್ಲ. ಪಗಾರದಾಗ ಹಿಡಿಯೋದು ಸರಿ ಅಲ್ಲ ಅಂತ ನನ್ನ ಅನಿಸಿಕಿ, ಆದ್ರ ಈ ವರ್ಷದ ಟಾರ್ಗೆಟ್ ಮಾತ್ರ ಅವಂಗ ಆ 58 ತಗದ ಹಾಕ್ರಿ, ಇಲ್ಲಾಂದ್ರ ಯಾರೂ ತಗೊಳ್ಳದ 200 ಪಂಪ್‌ನ ಮ್ಯಾಲೆ ಹೆಚ್ಚಿಗಿ ಮಾರು ಅಂತ ಅವಂಗ ಹೇಳಿದಂಗ ಆಗ್ತೈತಿ.

ನಾಳೆ ಮುಂಜಾನೆ 11ರ ಮಟ ಗೋಕುಲ ರೋಡ್ ಆಫೀಸಿನಾಗ ಇರ್ತೀನಿ, 11 ಕೋಡಿನ ಹಾಳಿ ಪ್ರಿಂಟ್ ತಗದು ನಿಮ್ಮ ಟೇಬಲ್ ಮ್ಯಾಲೆ ಇಟ್ಟಿರ್ತೀನಿ. ಅದರೊಳಗ ಯಾವುದರ ಖರೇ ಗಿರಾಕಿ ಅಂತ ಅನಿಸಿದ್ರ ಪೆನ್ನಿಂದ ಗುರ್ತು ಹಾಕ್ರಿ, ವಾಪಸ್ ಸೇರಸ್ತೀನಿ.