ಮಗನ ಫೋನ್ ಬಗ್ಗೆ ಅಮ್ಮನ ಮೆಸೇಜ್: ಮೊದಲಿನದು, ತಿದ್ದಿದ್ದು

ಮೊದಲು ಟೈಪ್ ಮಾಡಿದ್ದು:

ಎಷ್ಟು ಸಲ ಹೇಳಬೇಕು ನಿನಗೆ? ಮೂರು ಹೊತ್ತೂ ಅದೇ ಫೋನು. ರಾತ್ರಿ ಒಂದು ಗಂಟೆಯಾದರೂ ಮಲಗಲ್ಲ, ಬೆಳಿಗ್ಗೆ ಎಬ್ಬಿಸಿದರೆ ನನ್ನ ಮೇಲೇ ರೇಗ್ತೀಯ. ಹೀಗಾದರೆ ಹತ್ತನೇ ಕ್ಲಾಸ್ ಪಾಸಾದ ಹಾಗೇ. ನಿನ್ನ ಫ್ರೆಂಡ್ಸ್ ನೋಡಿ ಕಲಿ. ಸಂಜೆ ಬಂದ ತಕ್ಷಣ ಫೋನ್ ನನ್ನ ಕೈಗೆ ಕೊಡು. ಪರೀಕ್ಷೆ ಮುಗಿಯೋವರೆಗೂ ಅದರ ಮಾತೇ ಎತ್ತಬೇಡ.

ತಿದ್ದಿ ಕಳಿಸಿದ್ದು:

ಪುಟ್ಟಾ, ಈ ಮೆಸೇಜ್ ಮನೆಗೆ ಬಂದು ಆರಾಮಾಗಿ ಓದು. ತಕ್ಷಣ ಉತ್ತರ ಕೊಡಬೇಕು ಅಂತೇನಿಲ್ಲ.

ನಿನ್ನೆ ರಾತ್ರಿ ಒಂದು ಗಂಟೆಗೆ ನೀರು ಕುಡಿಯೋಕೆ ಎದ್ದೆ. ನಿನ್ನ ರೂಮಿನ ಬಾಗಿಲ ಸಂದಿಯಲ್ಲಿ ಬೆಳಕು ಕಾಣಿಸಿತು. ಒಳಗೆ ಬಂದು ನೋಡಿದರೆ ನಿನಗೆ ನಿದ್ದೆ ಹತ್ತಿಬಿಟ್ಟಿತ್ತು. ಫೋನ್ ಎದೆ ಮೇಲಿತ್ತು, ವಿಡಿಯೋ ಒಂದಾದ ಮೇಲೊಂದು ಓಡ್ತಾನೇ ಇತ್ತು. ಕನ್ನಡಕ ಕೂಡ ತೆಗೆದಿರಲಿಲ್ಲ. ಬೆಳಿಗ್ಗೆ ಶೂ ಲೇಸ್ ಕಟ್ಟುತ್ತಾ ಕೂತಲ್ಲೇ ತೂಕಡಿಸಿದೆಯಲ್ಲ, ನೋಡಿ ತುಂಬಾ ಸಂಕಟ ಆಯಿತು ಕಣೋ.

ಫೋನೇ ಬೇಡ ಅಂತ ನಾನು ಹೇಳ್ತಿಲ್ಲ. ನಿಮ್ಮ ಮ್ಯಾಚಿನ ವಿಡಿಯೋ ನೀನು ಎಡಿಟ್ ಮಾಡಿದ್ದೆಯಲ್ಲ, ಅದನ್ನು ಅಪ್ಪ ಆಫೀಸಿನಲ್ಲೆಲ್ಲ ತೋರಿಸಿದ್ದಾರೆ. ಮ್ಯಾಥ್ಸ್ ಡೌಟ್ ಕೇಳೋದೂ ಅದೇ ಫೋನಲ್ಲಿ ಅಂತ ನನಗೆ ಗೊತ್ತು. ನನ್ನ ಚಿಂತೆ ರಾತ್ರಿಯದ್ದು ಮಾತ್ರ.

ನಿನ್ನ ವಯಸ್ಸಿನವರಿಗೆ ದಿನಾ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಈ ವಯಸ್ಸಲ್ಲಿ ರಾತ್ರಿ ನಿದ್ದೆ ಬರೋದೇ ತಡವಾಗಿ. ಅದು ಸೋಮಾರಿತನ ಅಲ್ಲ, ಬೆಳೆಯೋ ದೇಹ ಇರೋದೇ ಹಾಗೆ. ಅದರ ಜೊತೆಗೆ ಈ ರೀಲ್ಸ್. ಪುಸ್ತಕದಲ್ಲಾದರೆ ಒಂದು ಪಾಠ ಮುಗಿಯುತ್ತೆ, ಮುಚ್ಚಿಡ್ತೀವಿ. ಇಲ್ಲಿ ಬೆರಳು ಸರಿಸಿದಷ್ಟೂ ಹೊಸದು ಬರುತ್ತೆ. ನಾವು ಬಿಟ್ಟು ಏಳಬಾರದು ಅಂತಲೇ ಹಾಗೆ ಮಾಡಿರೋದು. ದೊಡ್ಡವರಿಗೇ ನಿಲ್ಲಿಸೋಕೆ ಆಗಲ್ಲ, ನಿನಗೊಬ್ಬನಿಗೇ ಕಷ್ಟ ಅಂತ ಅಂದುಕೋಬೇಡ.

ಅದಕ್ಕೇ ಒಂದು ಮಾತು ಕೇಳ್ತೀನಿ. ಸ್ಕೂಲ್ ಇರೋ ದಿನದ ಹಿಂದಿನ ರಾತ್ರಿ ಹತ್ತು ಗಂಟೆಗೆ ಫೋನ್‌ಗಳನ್ನು ಹಾಲ್‌ನಲ್ಲಿ ಚಾರ್ಜ್‌ಗೆ ಇಡೋಣ. ನನ್ನದು, ಅಪ್ಪನದೂ ಅಲ್ಲೇ ಇರುತ್ತೆ. ಲಾಕ್ ನಿನ್ನದೇ. ನಾನು ಫೋನ್ ತೆಗೆದು ನಿನ್ನ ಚಾಟ್ ನೋಡಲ್ಲ, ಇದು ನನ್ನ ಮಾತು. ಅಲಾರಾಂಗೆ ಬೇರೆ ಗಡಿಯಾರ ಇಡ್ತೀನಿ. ಶನಿವಾರ ರಾತ್ರಿ ನಿನ್ನಿಷ್ಟ.

ಬೆಳಿಗ್ಗೆ ಆರೂವರೆಗೆ ಏಳಬೇಕು, ಲೆಕ್ಕ ನೀನೇ ಹಾಕಿ ನೋಡು. ಹತ್ತು ಗಂಟೆ ತೀರಾ ಬೇಗ ಆಯಿತು ಅನಿಸಿದರೆ ಯಾವ ಟೈಮ್ ಆಗುತ್ತೆ ಅಂತ ನೀನೇ ಹೇಳು, ಯಾಕೆ ಅಂತಲೂ ಹೇಳು. ಹೊತ್ತಲ್ಲದ ಹೊತ್ತಲ್ಲಿ ಗ್ರೂಪಿನಲ್ಲಿ ಏನಾದರೂ ನಡೀತಿದ್ದು, ಅದಕ್ಕೇ ಎದ್ದಿರಬೇಕಾಗಿದ್ದರೆ ಅದನ್ನೂ ಹೇಳು, ಬೈಯಲ್ಲ.

ಊಟ ಆದ ಮೇಲೆ ಹತ್ತು ನಿಮಿಷ ಕೂತು ಮಾತಾಡೋಣ, ಆಯ್ತಾ? ಒಂದು ವಾರ ಮಾಡಿ ನೋಡೋಣ. ಸರಿಹೋಗದಿದ್ದರೆ ಬದಲಾಯಿಸೋಣ.

ಅಮ್ಮ