ಕುವೆಂಪುನಗರದ ಮನೆ ವಿಡಿಯೋ: ಯಾವ ಕ್ಲಿಪ್ ಎಲ್ಲಿ

ತಮ್ಮಾ, ನೀನು ಕಳಿಸಿದ 14 ಕ್ಲಿಪ್ ನೋಡಿದೆ. ಹತ್ತು ಸಾಕು, ಒಟ್ಟು 90 ಸೆಕೆಂಡ್.

ಮನೆ ನೋಡೋಕೆ ಬಂದವರು ನಡೆಯೋ ದಾರಿಯಲ್ಲೇ ಜೋಡಿಸು. ಗೇಟು, ಗಾಡಿ ನಿಲ್ಲಿಸೋ ಜಾಗ, ಮೆಟ್ಟಿಲು ಮೂರೂ ಸೇರಿ 15 ಸೆಕೆಂಡ್. ಹಾಲ್ 15. ಅಡುಗೆಮನೆ 20, ಅಲ್ಲಿ ನಲ್ಲಿ ತಿರುಗಿಸಿ ನೀರು ಬರೋದನ್ನು ತೋರಿಸು, ಬಾಡಿಗೆಗೆ ಬರುವವರು ಮೊದಲು ಕೇಳೋದೇ ಅದು ಅಲ್ವಾ? ಹಿಂದಿನ ಯುಟಿಲಿಟಿ 8, ರೂಮುಗಳು ತಲಾ 10, ಬಾತ್‌ರೂಮ್ 7, ಕೊನೆಗೆ ಬಾಲ್ಕನಿ 5.

ಹಾಲ್ ಮಾತ್ರ ಮತ್ತೆ ತೆಗೆಯಬೇಕು. ನೀನು ಬುಗುರಿ ತರಹ ಸುತ್ತಿದ್ದೀಯ, ನೋಡಿ ನನಗೇ ತಲೆ ತಿರುಗಿತು! ಬಾಗಿಲ ಪಕ್ಕದ ಮೂಲೆಯಲ್ಲಿ ನಿಂತು, ಫೋನ್ ಅಡ್ಡ ಹಿಡಿದು, ಮೊಣಕೈ ಎರಡೂ ಹೊಟ್ಟೆಗೆ ಒತ್ತಿಕೊಂಡು, ಎಡದಿಂದ ಬಲಕ್ಕೆ ಒಂದೇ ಸಲ ನಿಧಾನಕ್ಕೆ ತಿರುಗು. ಶುರುವಿನಲ್ಲೂ ಕೊನೆಯಲ್ಲೂ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲು, ಆಗ ಕತ್ತರಿಸೋದು ಸುಲಭ. ಲೆನ್ಸ್ ಒರೆಸಿಕೋ, ಮಸುಕು ಜಾಸ್ತಿ ಇದೆ.

ಚಿಕ್ಕ ರೂಮಿನ ತೇವದ ಕಲೆ ಮುಚ್ಚಿಡಬೇಡ. ಬಂದಾಗ ಹೇಗೂ ಕಾಣುತ್ತೆ.